ಫೋನ್ ಮನೆಯಲ್ಲಿ ಬಿಟ್ಟು ವಾಚಿನಿಂದಲೇ ಹಾಡು ಕೇಳುವುದು: ನಾನು ಮಾಡಿಕೊಂಡ ಬಗೆ

ಅಂಗಡಿಯಲ್ಲಿ ಸಿಗುವ ಬಹಳಷ್ಟು ಕಡಿಮೆ ಬೆಲೆಯ ಸ್ಮಾರ್ಟ್‌ವಾಚುಗಳು ಹಾಡು ಹಾಡುವುದಿಲ್ಲ. ಫೋನಿನಲ್ಲಿ ಓಡುತ್ತಿರುವ ಹಾಡನ್ನು ನಿಲ್ಲಿಸುತ್ತವೆ, ಮುಂದಕ್ಕೆ ಹಾಕುತ್ತವೆ, ಅಷ್ಟೇ. ಫೋನ್ ದೂರ ಹೋಯಿತೋ, ಹಾಡೂ ಹೋಯಿತು. ನಮ್ಮ ಭಾವ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ "ಇದರಾಗ ಮ್ಯೂಸಿಕ್ ಐತೇನ್ರೀ?" ಎಂದು ಕೇಳಿದರು. "ಐತ್ರೀ" ಎಂದರು ಅಂಗಡಿಯವರು, ಭಾವ ಕೊಂಡು ತಂದರು. ಕೇಳಬೇಕಾಗಿದ್ದ ಪ್ರಶ್ನೆ ಬೇರೆ: "ಫೋನ್ ಬಂದ್ ಮಾಡಿದ್ರೂ ಹಾಡು ಬರತೈತೇನ್ರೀ?" ಹಾಗೆ ಬರಬೇಕಾದರೆ ಎರಡು ವಿಷಯ ಬೇಕು. ವಾಚಿನೊಳಗೆ ಹಾಡು ಇಡಲು ಜಾಗ ಇರಬೇಕು, ಮತ್ತು ವಾಚು ತಾನೇ ಇಯರ್‌ಬಡ್ಸ್ ಜೊತೆ ಬ್ಲೂಟೂತ್‌ನಲ್ಲಿ ಜೋಡಿಯಾಗಬೇಕು. ಕೊಳ್ಳುವ ಮುಂಚೆ ಅಂಗಡಿಯಲ್ಲೇ ನಿಮ್ಮ ಫೋನಿನ ಬ್ಲೂಟೂತ್ ಆಫ್ ಮಾಡಿಸಿ ನೋಡಿ, ಗೊತ್ತಾಗಿಬಿಡುತ್ತದೆ.

ನನ್ನ ಬಳಿ ಇರುವುದು ಗ್ಯಾಲಕ್ಸಿ ವಾಚ್ 4. ಅದರಲ್ಲಿ 16 ಜಿಬಿ ಜಾಗವಿದೆ. ಅದರಲ್ಲಿ ಒಂದು ದೊಡ್ಡ ಪಾಲನ್ನು ವಾಚಿನ ಸಾಫ್ಟ್‌ವೇರೇ ತಿನ್ನುತ್ತದೆ. ಆದರೂ ಹಾಡಿಗೆ ಉಳಿಯುವ ಜಾಗ ನನಗೆ ಧಾರಾಳ. ಯಾಕೆಂದರೆ ನಾನು ಕೇಳುವುದು ಅಪ್ಪ ರೇಡಿಯೋದಿಂದ ಕ್ಯಾಸೆಟ್ಟಿಗೆ ಇಳಿಸಿಟ್ಟ ಹಿಂದೂಸ್ತಾನಿ ಗಾಯನ. ಧಾರವಾಡ ಆಕಾಶವಾಣಿಯಲ್ಲಿ ಬರುತ್ತಿದ್ದ ಕಛೇರಿಗಳನ್ನು ಅವರು ಟೇಪ್‌ರೆಕಾರ್ಡರ್ ಪಕ್ಕ ಕೂತು ತುಂಬಿಸಿಕೊಂಡಿದ್ದರು. ಅವು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಹಾಗಾಗಿ ನನಗೆ ಬೇರೆ ದಾರಿಯೂ ಇರಲಿಲ್ಲ ಅನ್ನಿ.

ಇಲ್ಲಿ ಒಂದು ಮಾತು. ದುಡ್ಡು ಕಟ್ಟಿ ಕೇಳುವ ಆ್ಯಪ್‌ಗಳಲ್ಲಿ ಡೌನ್‌ಲೋಡ್ ಮಾಡಿದ ಹಾಡು ನಿಮ್ಮ ಫೈಲ್ ಅಲ್ಲ. ಅದು ಬೀಗ ಹಾಕಿದ ರೂಪದಲ್ಲಿ ಆ ಆ್ಯಪ್‌ನೊಳಗೇ ಇರುತ್ತದೆ. ಫೋನಿನಿಂದ ವಾಚಿಗೆ ಕಳಿಸಲು ಹೋದರೆ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಅಂಥ ಹಾಡು ಬೇಕಿದ್ದರೆ ಅದೇ ಆ್ಯಪ್ ಅನ್ನು ವಾಚಿನಲ್ಲೂ ಹಾಕಿಕೊಂಡು, ವಾಚಿನೊಳಗೆ ಬೇರೆಯಾಗಿ ಡೌನ್‌ಲೋಡ್ ಮಾಡಬೇಕು. ಅದಕ್ಕೆ ಸಾಮಾನ್ಯವಾಗಿ ಚಂದಾ ಕಟ್ಟಿರಬೇಕು. ನಾನು ಹೇಳುತ್ತಿರುವುದು ಕೈಯಲ್ಲಿರುವ ಎಂಪಿ3 ಫೈಲುಗಳ ವಿಷಯ.

ಕ್ಯಾಸೆಟ್ ಪ್ಲೇಯರ್‌ನಿಂದ ವೈರ್ ಎಳೆದು ಲ್ಯಾಪ್‌ಟಾಪಿಗೆ ಕೊಟ್ಟು ಪ್ರತಿ ಬದಿಯನ್ನೂ ಒಂದೊಂದು ವೇವ್ ಫೈಲ್ ಮಾಡಿಕೊಂಡಿದ್ದೆ. ಅದನ್ನು ಎಂಪಿ3 ಮಾಡುವಾಗ ಜಾಸ್ತಿ ಗುಣಮಟ್ಟ ಇರಲಿ ಎಂದು ಬಿಟ್‌ರೇಟ್ 320 ಕೆಬಿಪಿಎಸ್ ಇಡುವುದು ಎಲ್ಲರ ಅಭ್ಯಾಸ. ಇಂಥ ಧ್ವನಿಮುದ್ರಣಕ್ಕೆ ಅದು ಸುಮ್ನೆ ದಂಡ. ಮೀಡಿಯಂ ವೇವ್ ರೇಡಿಯೋ ಬರುತ್ತಿದ್ದುದೇ ಮೊನೋದಲ್ಲಿ. ಮೇಲಿನ ಸಣ್ಣ ಸ್ವರಗಳೆಲ್ಲ ಅಲ್ಲಿಯೇ ಕತ್ತರಿಸಿ ಹೋಗಿರುತ್ತವೆ. ಇಲ್ಲದ್ದನ್ನು 320 ಹಾಕಿ ತರಲು ಆಗುವುದಿಲ್ಲ, ಅಲ್ವಾ? ನಾನು ಲ್ಯಾಪ್‌ಟಾಪಿನಲ್ಲಿ ffmpeg ಎಂಬ ಪ್ರೋಗ್ರಾಮಿಗೆ ಈ ಸಾಲು ಕೊಟ್ಟು ಎಲ್ಲವನ್ನೂ ಮೊನೋ, 64ಕ್ಕೆ ಇಳಿಸಿದೆ:

```
ffmpeg -i todi_a.wav -ac 1 -c:a libmp3lame -b:a 64k -metadata title="01 Todi" todi_a.mp3
```

ಇದರಲ್ಲಿ `-ac 1` ಎಂದರೆ ಎರಡು ಚಾನೆಲ್ ಸೇರಿಸಿ ಒಂದು ಮಾಡು ಅಂತ. `title` ಯಾಕೆ ಬೇಕೆಂದರೆ ವಾಚು ಪಟ್ಟಿ ತೋರಿಸುವಾಗ ಫೈಲಿನ ಹೆಸರನ್ನು ನೋಡುವುದಿಲ್ಲ, ಒಳಗೆ ಬರೆದ ಶೀರ್ಷಿಕೆಯನ್ನು ನೋಡುತ್ತದೆ. ಮುಂದೆ 01, 02 ಹಾಕಿದರೆ ಆ ಪುಟ್ಟ ಪರದೆಯಲ್ಲಿ ಸಾಲಾಗಿ ನಿಲ್ಲುತ್ತವೆ.

ಈಗ ಲೆಕ್ಕ ನೋಡಿ. 90 ನಿಮಿಷದ ಕ್ಯಾಸೆಟ್ಟಿನ ಒಂದು ಬದಿ 45 ನಿಮಿಷ. 320ರಲ್ಲಿ ಅದು ಸುಮಾರು 108 ಎಂಬಿ, 64ರಲ್ಲಿ ಸುಮಾರು 22 ಎಂಬಿ. ವಾಚಿನಲ್ಲಿ ಜಾಗ ಉಳಿಯುವುದು ಒಂದು ಲಾಭ. ಅದಕ್ಕಿಂತ ದೊಡ್ಡ ಲಾಭ ಕಳಿಸುವಾಗ ಸಿಗುತ್ತದೆ. ಫೋನಿನಿಂದ ವಾಚಿಗೆ ಬ್ಲೂಟೂತ್‌ನಲ್ಲಿ ಹಾಡು ಹೋಗುವುದು ಆಮೆಯ ನಡಿಗೆಯಲ್ಲಿ. ಸೆಕೆಂಡಿಗೆ 150 ಕೆಬಿ ಎಂದು ಇಟ್ಟುಕೊಂಡರೆ 22 ಎಂಬಿಗೆ ಎರಡೂವರೆ ನಿಮಿಷ, 108 ಎಂಬಿಗೆ 12 ನಿಮಿಷ. ಹತ್ತಿಪ್ಪತ್ತು ಫೈಲ್ ಕಳಿಸಲು ಕೂತಾಗ ಈ ವ್ಯತ್ಯಾಸ ಎಷ್ಟು ದೊಡ್ಡದು ಎಂದು ತಿಳಿಯುತ್ತದೆ.

ಕಳಿಸುವ ಕೆಲಸ ಸರಳ. ಎಂಪಿ3ಗಳನ್ನು ಕೇಬಲ್ ಹಾಕಿ ಫೋನಿನ ಮ್ಯೂಸಿಕ್ ಫೋಲ್ಡರಿಗೆ ಹಾಕಿದೆ. ಫೋನಿನಲ್ಲಿ Galaxy Wearable ತೆರೆದು, Watch settings ಒಳಗೆ Manage content, ಅಲ್ಲಿ Add tracks. ಬೇಕಾದವನ್ನು ಗುರುತು ಹಾಕಿ ಕಳಿಸಿದೆ. ಆ ಹೊತ್ತಿನಲ್ಲಿ ವಾಚನ್ನು ಚಾರ್ಜರ್ ಮೇಲೆ ಇಟ್ಟು, ಫೋನನ್ನು ಪಕ್ಕದಲ್ಲೇ ಬಿಟ್ಟರೆ ಒಳ್ಳೆಯದು. ಒಂದೇ ಸಲ ನೂರಾರು ಹಾಡು ಕಳಿಸುವ ಬದಲು ಸ್ವಲ್ಪ ಸ್ವಲ್ಪವೇ ಕಳಿಸಿದರೆ ನಡುವೆ ನಿಂತದ್ದು ಯಾವುದು ಎಂದು ಹುಡುಕುವ ತಾಪತ್ರಯ ಇರುವುದಿಲ್ಲ.

ಇಯರ್‌ಬಡ್ಸ್ ಜೋಡಿಸುವಾಗ ಹೆಚ್ಚಿನವರು ಸಿಕ್ಕಿಬೀಳುವ ಜಾಗವಿದೆ. ಬಡ್ಸ್ ಡಬ್ಬಿ ತೆರೆದ ತಕ್ಷಣ ಅವು ಹಳೆಯ ಗೆಳೆಯನನ್ನೇ, ಅಂದರೆ ಫೋನನ್ನೇ ಹುಡುಕಿಕೊಂಡು ಹೋಗುತ್ತವೆ. ಫೋನಿಗೆ ಅಂಟಿಕೊಂಡ ಮೇಲೆ ವಾಚಿಗೆ ಕಾಣಿಸುವುದಿಲ್ಲ. ಅದಕ್ಕೆ ಮೊದಲು ಫೋನಿನ ಬ್ಲೂಟೂತ್ ಆಫ್ ಮಾಡಿದೆ. ನಂತರ ಡಬ್ಬಿಯ ಬಟನ್ ಒತ್ತಿ ಹಿಡಿದು, ದೀಪ ಮಿನುಗಲು ಶುರುವಾದ ಮೇಲೆ ವಾಚಿನ Settings, Connections, Bluetooth ಒಳಗೆ ಹುಡುಕಿಸಿದೆ. ಬಡ್ಸಿನ ಹೆಸರು ಬಂತು, ಒತ್ತಿದೆ, ಜೋಡಿಯಾಯಿತು. (ಕೆಲವು ಬಡ್ಸ್‌ಗಳಲ್ಲಿ ಡಬ್ಬಿಗೆ ಬಟನ್ ಇರುವುದಿಲ್ಲ, ಬಡ್ಸನ್ನೇ ಒತ್ತಿ ಹಿಡಿಯಬೇಕು.) ಇದು ಒಮ್ಮೆ ಮಾಡಿದರೆ ಸಾಕು. ಆದರೆ ಬೆಳಿಗ್ಗೆ ಹೊರಡುವಾಗ ಫೋನ್ ಇರುವ ಕೋಣೆಯಲ್ಲಿ ಡಬ್ಬಿ ತೆರೆದರೆ ಬಡ್ಸ್ ಮತ್ತೆ ಅದಕ್ಕೇ ಹೋಗಬಹುದು. ನಾನು ಗೇಟಿನ ಹೊರಗೆ ಬಂದು, ರಸ್ತೆಯಲ್ಲಿ ಒಂದಿಷ್ಟು ದೂರ ನಡೆದ ಮೇಲೆಯೇ ಡಬ್ಬಿ ತೆರೆಯುತ್ತೇನೆ.

ವಾಚಿನಲ್ಲಿ ಹಾಡಿಗೆ ಸಂಬಂಧಿಸಿದ ಎರಡು ಆ್ಯಪ್ ಇವೆ ಎನ್ನುವುದೂ ನೆನಪಿರಲಿ. Media Controller ಫೋನಿನ ಹಾಡನ್ನು ಆಡಿಸುವ ರಿಮೋಟ್. ವಾಚಿನೊಳಗಿನ ಹಾಡಿಗೆ Samsung Music ತೆರೆಯಬೇಕು. ತಪ್ಪು ಆ್ಯಪ್ ತೆರೆದರೆ ಹಾಡು ಹೋಗೇ ಇಲ್ಲವೇನೋ ಅನಿಸಿಬಿಡುತ್ತದೆ.

ಇಷ್ಟಾದ ಮೇಲೆ ಮನೆಯಲ್ಲಿ ಎಲ್ಲ ಚೆನ್ನಾಗಿಯೇ ಕೇಳಿಸಿತು. ಮರುದಿನ ಕರ್ನಾಟಕ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ, ಮರಗಳ ಸಾಲು ಮುಗಿದು ಬಯಲು ಶುರುವಾಗುವ ಕಡೆ, ಆಲಾಪ ತುಂಡು ತುಂಡಾಗತೊಡಗಿತು. ಎಡಗೈ ಹಿಂದಕ್ಕೆ ಹೋದಾಗ ಕಟ್, ಮುಂದಕ್ಕೆ ಬಂದಾಗ ಸರಿ. ನಿಧಾನಗತಿಯ ವಿಲಂಬಿತದಲ್ಲಿ ಗಾಯಕರು ಷಡ್ಜ ಹಿಡಿದು ನಿಂತಿರುವಾಗ ಹೀಗಾದರೆ ಕೇಳುವುದು ಹೇಗೆ?

ಮನೆಯಲ್ಲಿ ಸರಿ, ಬಯಲಿನಲ್ಲಿ ಕಟ್ ಎಂದರೆ ವಿಚಿತ್ರ ಅನಿಸುತ್ತದೆ. ಕಾರಣ ಇಷ್ಟೇ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಆ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ. ನಮ್ಮ ಮೈ ಬಹುಪಾಲು ನೀರೇ. ನನ್ನ ವಾಚು ಎಡಗೈಯಲ್ಲಿದೆ. ಕೈ ಹಿಂದೆ ಹೋದಾಗ ವಾಚಿಗೂ ಬಲಕಿವಿಗೂ ನಡುವೆ ಇಡೀ ಮೈ ಅಡ್ಡ ಬರುತ್ತದೆ. ಮನೆಯೊಳಗೆ ಅದೇ ಅಲೆ ಗೋಡೆಗೆ, ಛಾವಣಿಗೆ ತಾಗಿ ತಿರುಗಿ ಬಂದು ಕಿವಿ ಸೇರುತ್ತದೆ. ಬಯಲಿನಲ್ಲಿ ತಾಗಲು ಏನೂ ಇಲ್ಲ, ಅದು ಹೋದದ್ದು ಹೋದಂತೆಯೇ. ಫೋನನ್ನು ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಇಟ್ಟವರಿಗೂ ಇದೇ ಕಾಟ.

ಇದೇ ಕಾರಣವೋ ಬೇರೆಯೋ ಎಂದು ತಿಳಿಯಲು, ಕಟ್ ಆಗುತ್ತಿರುವಾಗಲೇ ವಾಚಿರುವ ಕೈಯನ್ನು ಎತ್ತಿ ಗಲ್ಲದ ಹತ್ತಿರ ಹಿಡಿದು ನಡೆಯಿರಿ. ಆಗ ಹಾಡು ಸರಿಯಾದರೆ ಅಡ್ಡ ಬರುತ್ತಿರುವುದು ಮೈ. ಆಗಲೂ ಕಟ್ ಆಗುತ್ತಿದ್ದರೆ ಬಡ್ಸಿನ ಚಾರ್ಜ್ ನೋಡಿ, ಅದೂ ಸರಿಯಿದ್ದರೆ ಫೈಲೇ ಕೆಟ್ಟಿದೆಯೇ ಎಂದು ಬೇರೆ ಹಾಡು ಹಾಕಿ ನೋಡಿ. ನನ್ನದು ಗಲ್ಲಕ್ಕೆ ಹಿಡಿದ ತಕ್ಷಣ ಸರಿಯಾಯಿತು.

ಪರಿಹಾರ ಏನು? ಹಲವು ಬಡ್ಸ್‌ಗಳಲ್ಲಿ ಒಂದು ಕಿವಿಯದ್ದು ವಾಚಿನಿಂದ ಧ್ವನಿ ಪಡೆದು ಇನ್ನೊಂದಕ್ಕೆ ದಾಟಿಸುತ್ತದೆ. ಆ ಮುಖ್ಯ ಬಡ್ ವಾಚಿನ ಬದಿಯದ್ದೇ ಆಗಿದ್ದರೆ ತೊಂದರೆ ಕಡಿಮೆ. ಯಾವುದು ಮುಖ್ಯ ಎಂದು ಡಬ್ಬಿಯ ಮೇಲೆ ಬರೆದಿರುವುದಿಲ್ಲ. ವಾಚನ್ನು ಇನ್ನೊಂದು ಕೈಗೆ ಕಟ್ಟಿ ನಡೆದು ನೋಡುವುದೇ ಸುಲಭ ದಾರಿ. ನಾನು ಬಲಗೈಗೆ ಕಟ್ಟಿದೆ, ಕಟ್ ಆಗುವುದು ಬಹುಮಟ್ಟಿಗೆ ನಿಂತಿತು. ಆದರೆ ಬಲಗೈಗೆ ವಾಚು ನನಗೆ ಒಗ್ಗಲಿಲ್ಲ. ಕೊನೆಗೆ ವಾಚು ಎಡಗೈಗೇ ಬಂತು, ಬಲಗಡೆಯ ಬಡ್ ಡಬ್ಬಿಯಲ್ಲೇ ಉಳಿಯಿತು, ಎಡಕಿವಿಯದ್ದೊಂದೇ ಹಾಕಿಕೊಂಡೆ. ಧ್ವನಿ ಮೊದಲೇ ಮೊನೋ, ಹಾಗಾಗಿ ಒಂದು ಕಿವಿಯಲ್ಲಿ ಏನೂ ಕಳೆದುಹೋಗುವುದಿಲ್ಲ. ಹಿಂದಿನಿಂದ ಬರುವ ಬೈಕಿನ ಸದ್ದಿಗೆ ಬಲಕಿವಿ ತೆರೆದಿರುತ್ತದೆ. ಸ್ಟೀರಿಯೋ ಹಾಡು ಕೇಳುವವರಿಗೆ ಇದು ಆಗದು. ಒಂದು ಬದಿಯ ವಾದ್ಯ ಕೇಳಿಸದೇ ಹೋಗಬಹುದು.

ಚಾರ್ಜ್ ವಿಷಯದಲ್ಲಿ ವಾಚಿನಿಂದ ಹೆಚ್ಚು ನಿರೀಕ್ಷೆ ಬೇಡ. ಒಳಗಿನ ಬ್ಯಾಟರಿ ಚಿಕ್ಕದು: ದೊಡ್ಡ ಸೈಜಿನದ್ದರಲ್ಲಿ 361, ಚಿಕ್ಕದರಲ್ಲಿ 247 ಎಂಎಎಚ್. ಹಾಡಿನ ಜೊತೆ ಜಿಪಿಎಸ್ ಹಾಕಿ ನಡಿಗೆ ಅಳೆಯುತ್ತಿದ್ದರೆ ಕಣ್ಣೆದುರೇ ಇಳಿಯುತ್ತದೆ. ದಾರಿ ಗೊತ್ತಿರುವ ಕ್ಯಾಂಪಸ್ಸಿನಲ್ಲಿ ಜಿಪಿಎಸ್ ಯಾಕೆ ಬೇಕು? ಅದನ್ನು ಬಿಟ್ಟೆ, ವಾಚಿನ ವೈಫೈಯನ್ನೂ ಆಫ್ ಮಾಡಿದೆ. ಫೋನ್ ದೂರವಾದಾಗ ಅದು ವೈಫೈ ಹುಡುಕುತ್ತಾ ಕೂರುವುದು ತಪ್ಪಿತು.

ಕೊನೆಯದಾಗಿ ಉಳಿದ ಕಿರಿಕಿರಿ 45 ನಿಮಿಷದ ಫೈಲಿನದು. ನಡುವೆ ಬೇರೆ ಹಾಡು ಹಾಕಿದರೆ ಬಿಟ್ಟ ಜಾಗ ಹೋಗುತ್ತದೆ. ಆ ಪುಟ್ಟ ಪರದೆಯ ಮೇಲೆ ಬೆರಳಿಟ್ಟು ಸರಿಯಾಗಿ 31ನೇ ನಿಮಿಷಕ್ಕೆ ಹೋಗುವುದು ನನ್ನ ಕೈಲಿ ಆಗದ ಮಾತು. ಹಾಗಾಗಿ ಖಯಾಲನ್ನು ಅದರ ಸಹಜ ಜಾಗದಲ್ಲೇ, ವಿಲಂಬಿತ ಮುಗಿದು ವೇಗದ ದ್ರುತ್ ಶುರುವಾಗುವಲ್ಲಿ ತುಂಡು ಮಾಡಿದೆ. ಈ ತೋಡಿಯಲ್ಲಿ ಅದು 31 ನಿಮಿಷಕ್ಕೆ ಬರುತ್ತದೆ:

```
ffmpeg -i todi_a.mp3 -t 00:31:00 -c copy -metadata title="01 Todi vilambit" todi_1.mp3
ffmpeg -ss 00:31:00 -i todi_a.mp3 -c copy -metadata title="02 Todi drut" todi_2.mp3
```

`-c copy` ಇರುವುದರಿಂದ ಮತ್ತೊಮ್ಮೆ ಎಂಪಿ3 ಮಾಡುವುದಿಲ್ಲ. ಧ್ವನಿ ಇದ್ದ ಹಾಗೇ ಇರುತ್ತದೆ, ಕೆಲಸವೂ ಕ್ಷಣದಲ್ಲಿ ಮುಗಿಯುತ್ತದೆ. ಹೊತ್ತು ಕಡಿಮೆ ಇದ್ದ ದಿನ ನೇರವಾಗಿ ಎರಡನೆಯದನ್ನೇ ಹಾಕಿಕೊಂಡು ಹೊರಡುತ್ತೇನೆ. ಅಪ್ಪನಿಗೆ ಇದು ಹಿಡಿಸಿಲ್ಲ. "ವಿಲಂಬಿತ ಬಿಟ್ಟು ದ್ರುತ್ ಒಂದೇ ಕೇಳೂದೇನೋ?" ಎನ್ನುತ್ತಾರೆ.