ಪೆಪ್ಪರ್ ಡೇಟಾಬೇಸ್‌ನಲ್ಲಿ ಇಡಬೇಡಿ

ಗೆಳೆಯರೇ, ಲಾಗಿನ್ ಬರೆಯುವವರಿಗೆ ಒಂದು ಮಾತು. ಪಾಸ್‌ವರ್ಡ್ ಹ್ಯಾಶ್ ಮಾಡುವಾಗ ಅದರ ಜೊತೆ ಸಾಲ್ಟ್, ಪೆಪ್ಪರ್ ಎರಡನ್ನು ಬೆರೆಸಬಹುದು. ಸಾಲ್ಟ್ ಗುಟ್ಟಲ್ಲ, ಒಬ್ಬೊಬ್ಬರಿಗೆ ಒಂದೊಂದು, ಹ್ಯಾಶ್ ಪಕ್ಕದಲ್ಲೇ ಇರುತ್ತದೆ. ಪೆಪ್ಪರ್ ಎಲ್ಲರಿಗೂ ಒಂದೇ, ಆದರೆ ಗುಟ್ಟು.

ದಾವಣಗೆರೆಯ ಅಡಿಕೆ ಮಂಡಿಯೊಂದರ ಸಾಫ್ಟ್‌ವೇರ್ ನೋಡಿದೆ. ಪೆಪ್ಪರ್ `settings` ಟೇಬಲ್‌ನಲ್ಲೇ ಇತ್ತು! ಒಂದು ಬ್ಯಾಕಪ್ ಕಳುವಾದರೆ ಹ್ಯಾಶ್, ಸಾಲ್ಟ್, ಪೆಪ್ಪರ್ ಮೂರೂ ಕಳ್ಳನ ಪಾಲು. ಕೋಡ್ ಒಳಗೆ ಬರೆದರೂ ಅಷ್ಟೇ, ಗಿಟ್ ಹಿಸ್ಟರಿಯಲ್ಲಿ ಉಳಿಯುತ್ತದೆ.

ಹೊಸದು ಹೀಗೆ ಮಾಡಿದೆವು:

```
openssl rand -hex 32
```

ಅದನ್ನು ಸೀಕ್ರೆಟ್ ಮ್ಯಾನೇಜರ್‌ನಲ್ಲಿಟ್ಟು, ಅದರಿಂದ ಪಾಸ್‌ವರ್ಡ್‌ಗೆ HMAC-SHA256 ಮಾಡಿ, ಬಂದದ್ದನ್ನು ಸಾಲ್ಟ್ ಜೊತೆ Argon2idಗೆ ಕೊಡುತ್ತೇವೆ. ಹಳೆ ಹ್ಯಾಶ್ ಬದಲಾಗುವುದು ಆ ಬಳಕೆದಾರ ಮತ್ತೆ ಲಾಗಿನ್ ಆದಾಗಲೇ. ಹಾಗಾಗಿ ಪ್ರತಿ ಹ್ಯಾಶ್ ಜೊತೆ ಪೆಪ್ಪರ್‌ನ ಆವೃತ್ತಿ ಸಂಖ್ಯೆ ಬರೆದಿಡಿ. ಪೆಪ್ಪರ್‌ನ ಇನ್ನೊಂದು ಪ್ರತಿ ಡೇಟಾಬೇಸ್ ಬ್ಯಾಕಪ್‌ನಿಂದ ದೂರವೇ ಇರಲಿ. ಪೆಪ್ಪರ್ ಪೂರ್ತಿ ಕಳೆದುಹೋದರೆ ಒಬ್ಬರೂ ಲಾಗಿನ್ ಆಗಲಾರರು.