ಇಪ್ಪತ್ತು ಬಂದವರಿಗೆ ಇಪ್ಪೊನ್ ಬರುತ್ತದೆ

ಮಂಗಳೂರಿನಲ್ಲಿ ಸಂಜೆಯ ಹೊತ್ತು ಜಪಾನಿ ಭಾಷೆ ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ನರ್ಸಿಂಗ್ ಮತ್ತು ಇಂಜಿನಿಯರಿಂಗ್ ಓದಿದವರು. ಲಿಪಿಯನ್ನು ಹಟ ಹಿಡಿದು ಬರೆದು ಕಲಿಯುತ್ತಾರೆ, ವ್ಯಾಕರಣಕ್ಕೂ ಹೆದರುವುದಿಲ್ಲ. ಕರ್ತೃ, ಕರ್ಮ, ಕ್ರಿಯಾಪದ ಎಂಬ ಕ್ರಮ ನಮ್ಮದೇ ಅಲ್ಲವೇ? ಅವರು ಕಂಗೆಡುವುದು ವಸ್ತುಗಳನ್ನು ಎಣಿಸುವಾಗ. ಜಪಾನಿಯಲ್ಲಿ ‘ಮೂರು ಕೊಡೆ’ ಎನ್ನಲು ಮೂರು ಮತ್ತು ಕೊಡೆ ಎಂಬ ಎರಡು ಪದ ಸಾಲದು. ಆ ವಸ್ತು ಉದ್ದವೋ, ಚಪ್ಪಟೆಯೋ, ಯಂತ್ರವೋ, ಪ್ರಾಣಿಯೋ ಎಂದು ನೋಡಿ ಸಂಖ್ಯೆಗೊಂದು ಪ್ರತ್ಯಯ ಸೇರಿಸಬೇಕು. ಕಾಗದ, ಅಂಗಿ, ತಟ್ಟೆಗಳಿಗೆ ‘ಮೈ’, ಪುಸ್ತಕಕ್ಕೆ ‘ಸತ್ಸು’, ಕಾರು ಮತ್ತು ಯಂತ್ರಗಳಿಗೆ ‘ದೈ’, ಉದ್ದನೆಯ ವಸ್ತುಗಳಿಗೆ ‘ಹೊನ್’.

ಇದು ನಮಗೆ ತೀರ ಹೊಸತೇನಲ್ಲ. ‘ಮೂರು ವಿದ್ಯಾರ್ಥಿಗಳು’ ಎಂದರೆ ಕಿವಿಗೆ ಕಿರಿಕಿರಿ, ‘ಮೂವರು ವಿದ್ಯಾರ್ಥಿಗಳು’ ಎಂದರೆ ಸಮಾಧಾನ. ತುಳುವಿನಲ್ಲೂ ಮನುಷ್ಯರಿಗೆ ಇರ್ವೆರ್, ಮೂವೆರ್ ಎಂಬ ಬೇರೆ ರೂಪಗಳಿವೆ. ನಾವು ಮನುಷ್ಯರಿಗೆ ಮಾತ್ರ ತೋರಿಸುವ ಈ ಮರ್ಯಾದೆಯನ್ನು ಜಪಾನಿಗಳು ಪೆನ್ಸಿಲಿಗೂ ತೋರಿಸುತ್ತಾರೆ ಎಂದು ಹೇಳಿ ಪಾಠ ಶುರುಮಾಡುತ್ತೇನೆ.

ಯಾವ ವಸ್ತುವಿಗೆ ಯಾವ ಪ್ರತ್ಯಯ ಎಂಬುದು ಬಳಸುತ್ತ ಬಳಸುತ್ತ ಬರುತ್ತದೆ. ನಿಜವಾದ ತೊಡಕು ಉಚ್ಚಾರಣೆಯದು. ‘ಹೊನ್’ ಸರಣಿಯನ್ನೇ ನೋಡಿ. ಒಂದರಿಂದ ಹತ್ತರವರೆಗೆ ಇಪ್ಪೊನ್, ನಿಹೊನ್, ಸಂಬೊನ್, ಯೊನ್‌ಹೊನ್, ಗೊಹೊನ್, ರೊಪ್ಪೊನ್, ನನಹೊನ್, ಹಪ್ಪೊನ್, ಕ್ಯೂಹೊನ್, ಜುಪ್ಪೊನ್. ಒಂದೇ ಪ್ರತ್ಯಯ ಹೊನ್, ಬೊನ್, ಪ್ಪೊನ್ ಎಂದು ಮೂರು ವೇಷ ಹಾಕುತ್ತದೆ. ಪಠ್ಯಪುಸ್ತಕಗಳು ಇದನ್ನು ಒಂದು ಕೋಷ್ಟಕದಲ್ಲಿ ಕೊಟ್ಟು ಬಾಯಿಪಾಠ ಮಾಡಿ ಎನ್ನುತ್ತವೆ. ನಾನು ಕೋಷ್ಟಕವನ್ನು ಬದಿಗಿಟ್ಟು ಕನ್ನಡದ ಅಂಕಿಗಳನ್ನು ಬರೆಸುತ್ತೇನೆ.

ಬೋರ್ಡಿನ ಮೇಲೆ ಬರೆಯುವುದು ಮೂರೇ ಪದ: ಹತ್ತು, ಇಪ್ಪತ್ತು, ಒಂಬತ್ತು. ಇಪ್ಪತ್ತು ಎಂದರೆ ಎರಡು ಹತ್ತು, ಒಂಬತ್ತು ಎಂದರೆ ಹತ್ತಕ್ಕೆ ಒಂದು ಕಡಿಮೆ. ಎರಡರ ಒಳಗೂ ಹತ್ತು ಇದೆ, ಆದರೆ ಹಕಾರ ಇಲ್ಲ. ಏಕೆಂದರೆ ಹಳಗನ್ನಡದಲ್ಲಿ ಅದು ‘ಪತ್ತು’ ಆಗಿತ್ತು. ಮುಂದೆ ಪದದ ಮೊದಲಲ್ಲಿದ್ದ ಪಕಾರ ಹಕಾರವಾಯಿತು: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ತುಳುವಿನಲ್ಲಿ ಈ ಬದಲಾವಣೆ ಆಗಲಿಲ್ಲ. ಇವತ್ತಿಗೂ ಪತ್ತ್, ಪಿಲಿ ಎನ್ನುತ್ತಾರೆ. ಪಿಲಿಕುಳ ಎಂಬ ಹೆಸರು ಹೇಳಿದರೆ ಸಾಕು, ನಮ್ಮ ಊರಿನ ಮಕ್ಕಳಿಗೆ ಹೆಚ್ಚಿನ ವಿವರಣೆ ಬೇಡ. ಪದದ ಒಳಗೆ ಮಾತ್ರ ಹಳೆಯ ಪಕಾರ ಉಳಿದುಕೊಂಡಿತು. ಒತ್ತಕ್ಷರವಾದಲ್ಲಿ ಇಪ್ಪತ್ತು, ಅನುನಾಸಿಕದ ಬೆನ್ನಿಗೆ ಬಂದಲ್ಲಿ ಬಕಾರವಾಗಿ ಒಂಬತ್ತು.

ಜಪಾನಿಯ ಹಕಾರವೂ ಹಿಂದೆ ಪಕಾರವೇ ಆಗಿತ್ತು. ಅಲ್ಲಿಯೂ ಅದು ಒತ್ತಕ್ಷರದಲ್ಲಿ ಉಳಿಯಿತು: ಇಪ್ಪೊನ್. ಅನುನಾಸಿಕದ ನಂತರ ಬಕಾರವಾಯಿತು: ಸಂಬೊನ್. ಉಳಿದೆಡೆ ಹಕಾರ: ನಿಹೊನ್. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆಗಳು ಒಂದೇ ದಾರಿ ಹಿಡಿದಿವೆ. ‘ಸಂಬೊನ್’ ಎಂದು ಕನ್ನಡದಲ್ಲಿ ಬರೆದರೆ ಸೊನ್ನೆ ತಾನಾಗಿಯೇ ಮಕಾರದಂತೆ ಕೇಳಿಸುತ್ತದೆ, ಜಪಾನಿನವರು ಉಚ್ಚರಿಸುವುದೂ ಹಾಗೆಯೇ. ರೋಮನ್ ಲಿಪಿಯಲ್ಲಿ ನಕಾರ ನೋಡಿ ‘ಸನ್‌ಬೊನ್’ ಎಂದು ಒತ್ತಿ ಹೇಳುವವರಿಗೆ ನಾನು ಮೊದಲು ಕನ್ನಡದಲ್ಲಿ ಬರೆಯಲು ಹೇಳುವುದು ಇದಕ್ಕೇ.

ಇಲ್ಲಿ ಒಂದು ಎಚ್ಚರ ಬೇಕು. ಎರಡು ಭಾಷೆಗಳಲ್ಲಿ ಹೊಂದುವುದು ಧ್ವನಿಯ ನಿಯಮವೇ ಹೊರತು ಅಂಕಿಗಳಲ್ಲ. ನಮ್ಮಲ್ಲಿ ಎಪ್ಪತ್ತು ಇದೆ ಎಂದು ಜಪಾನಿಯ ಏಳಕ್ಕೆ ಒತ್ತು ಹಾಕುವಂತಿಲ್ಲ; ಅದು ನನಹೊನ್. ನಮ್ಮಲ್ಲಿ ಎಂಬತ್ತು, ಅಲ್ಲಿ ಹಪ್ಪೊನ್. ಒತ್ತು ಬರುವುದು ಒಂದು, ಆರು, ಎಂಟು, ಹತ್ತಕ್ಕೆ. ಈ ನಾಲ್ಕೂ ಅಂಕಿಗಳು ಚೀನಾದಿಂದ ಬಂದಾಗ ಅವುಗಳ ಕೊನೆಯಲ್ಲಿ ತ್, ಕ್, ಪ್‌ಗಳಂತಹ ವ್ಯಂಜನವಿತ್ತು. ಆ ವ್ಯಂಜನವೇ ಮುಂದಿನ ಪಕಾರದೊಡನೆ ಸೇರಿ ಒತ್ತಾಯಿತು. ಎರಡು, ಐದು, ಒಂಬತ್ತು ಸ್ವರದಲ್ಲಿ ಮುಗಿಯುತ್ತವೆ, ಆದ್ದರಿಂದ ಅಲ್ಲಿ ಹಕಾರ. ನಾಲ್ಕರ ‘ಯೊನ್’ ಮತ್ತು ಏಳರ ‘ನನ’ ಚೀನಾದ್ದಲ್ಲ, ಅಚ್ಚ ಜಪಾನಿ ಪದಗಳು. ಯೊನ್ ಅನುನಾಸಿಕದಲ್ಲಿ ಮುಗಿದರೂ ಯೊನ್‌ಹೊನ್ ಆಗುವುದು ಇದರಿಂದ. ಹಾಗೆಂದು ಎಲ್ಲವೂ ಲೆಕ್ಕಕ್ಕೆ ಸಿಗುವುದಿಲ್ಲ. ‘ಎಷ್ಟು’ ಎನ್ನುವ ‘ನನ್’ ಕೂಡ ಅಚ್ಚ ಜಪಾನಿ ಪದವೇ, ಆದರೆ ಕೇಳುವಾಗ ‘ನಂಬೊನ್’ ಎನ್ನಬೇಕು. ಪ್ರಶ್ನೆಯಲ್ಲಿ ಮೂರರ ರೂಪ ಬರುತ್ತದೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಇಷ್ಟು ತಿಳಿದ ಮೇಲೆ ಅಭ್ಯಾಸ. ಕ್ರಮವಾಗಿ ಹೇಳಿಸುವುದರಿಂದ ಉಪಯೋಗವಿಲ್ಲ. ಮಗ್ಗಿಯಂತೆ ಗಡಗಡ ಒಪ್ಪಿಸುತ್ತಾರೆ. ಮಳೆಗಾಲದಲ್ಲಿ ಬಾಗಿಲ ಬಳಿ ಕೊಡೆಗಳ ರಾಶಿಯೇ ಇರುತ್ತದೆ, ಅದರಿಂದ ಒಂದಷ್ಟು ಎತ್ತಿ ಹಿಡಿದು ‘ನಂಬೊನ್?’ ಎಂದು ಕೇಳುತ್ತೇನೆ. ಆರು ಕೊಡೆ ನೋಡಿದವನು ರೊಪ್ಪೊನ್ ಎನ್ನುವ ಮೊದಲು ಅವನ ತುಟಿ ಅಲುಗಾಡುತ್ತಿದ್ದರೆ, ಒಳಗೊಳಗೆ ಒಂದರಿಂದ ಹೇಳಿಕೊಂಡು ಬರುತ್ತಿದ್ದಾನೆ ಎಂದೇ ಅರ್ಥ. ಅಂಥವರಿಗೆ ನೂರರ ಲೆಕ್ಕ ಕೇಳುತ್ತೇನೆ. ಬೆಲೆ ಹೇಳಲು ಕಲಿಯುವಾಗ ಮುನ್ನೂರಕ್ಕೆ ಸಂಬ್ಯಕು, ಆರುನೂರಕ್ಕೆ ರೊಪ್ಪ್ಯಕು, ಎಂಟುನೂರಕ್ಕೆ ಹಪ್ಪ್ಯಕು ಎಂಬುದು ಅವರ ಬಾಯಿಗೆ ಹತ್ತಿರುತ್ತದೆ. ಅದೇ ಸಂ, ಅದೇ ರೊಪ್, ಅದೇ ಹಪ್.

ಮುಂದಿನ ಪಾಠವನ್ನು ಬಂದರಿನ ದಕ್ಕೆಯ ಮೀನಿನಿಂದ ಮಾಡುತ್ತೇನೆ. ಸಣ್ಣ ಪ್ರಾಣಿಗಳ ಪ್ರತ್ಯಯ ‘ಹಿಕಿ’, ಲೋಟದಲ್ಲಿ ತುಂಬಿದ್ದಕ್ಕೆ ‘ಹೈ’. ಎರಡೂ ಹೊನ್ ಹಾದಿಯಲ್ಲೇ ನಡೆಯುತ್ತವೆ: ಇಪ್ಪಿಕಿ, ನಿಹಿಕಿ, ಸಂಬಿಕಿ, ಇಪ್ಪೈ, ನಿಹೈ, ಸಂಬೈ. ಇಲ್ಲಿ ನೂರು ರೂಪಾಯಿಗೆ ಎಷ್ಟು ಬಂಗುಡೆ ಎಂದು ಚೌಕಾಸಿ ಮಾಡುವವರಿಗೆ ಎಲ್ಲ ಮೀನೂ ಒಂದೇ ಲೆಕ್ಕ. ಜಪಾನಿಗಳು ಬಂಗುಡೆಯನ್ನು ಹಿಕಿ ಎಂದು, ನಂಗಿನಂಥ ಚಪ್ಪಟೆ ಮೀನನ್ನು ಕಾಗದದ ಹಾಗೆ ಮೈ ಎಂದು, ದೊಡ್ಡ ಟ್ಯೂನಾವನ್ನು ಹೊನ್ ಎಂದು ಎಣಿಸುತ್ತಾರೆ. ಬೊಂಡಾಸಿಗೂ ಏಡಿಗೂ ಸಂಪ್ರದಾಯದಂತೆ ಲೋಟದ ಹೈ. ಒಬ್ಬ ವಿದ್ಯಾರ್ಥಿನಿ ಕೇಳಿದಳು, “ಬೊಂಡಾಸು ನೀರಿನಲ್ಲಿ ಈಜುತ್ತಿದ್ದರೆ ಏನನ್ನಬೇಕು ಸರ್?” ಆಗ ಹಿಕಿ ಎನ್ನಬಹುದು. ಹೈ ಮುಖ್ಯವಾಗಿ ಮಾರುಕಟ್ಟೆಗೆ ಬಂದ ಬೊಂಡಾಸಿನ ಲೆಕ್ಕ.

ವಾಕ್ಯದಲ್ಲಿ ಸಂಖ್ಯೆಯನ್ನು ಎಲ್ಲಿಡಬೇಕು ಎಂಬುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ‘ಕಸ ಒ ಸಂಬೊನ್ ಕುದಸೈ’ ಎಂದರೆ ಪದಕ್ಕೆ ಪದವಾಗಿ ‘ಕೊಡೆಯನ್ನು ಮೂರು ಕೊಡಿ’. ‘ಮಕ್ಕಳು ಮೂವರು ಬಂದರು’ ಎನ್ನುವ ನಮಗೆ ಇದು ಸಲೀಸು.

ಪ್ರತ್ಯಯವೇ ಮರೆತುಹೋದರೆ ಹಿತೊತ್ಸು, ಫುತತ್ಸು, ಮಿತ್ತ್ಸು ಎಂಬ ಅಚ್ಚ ಜಪಾನಿ ಎಣಿಕೆ ಇದೆ. ಹೋಟೆಲಿನಲ್ಲಿ ತಿಂಡಿ ಹೇಳಲು ಧಾರಾಳ ಸಾಕು. ಆದರೆ ಅದು ಹತ್ತಕ್ಕೆ ನಿಲ್ಲುತ್ತದೆ, ಮನುಷ್ಯರಿಗೆ ಸಲ್ಲುವುದಿಲ್ಲ. ಮನುಷ್ಯರಿಗೆ ಹಿತೊರಿ, ಫುತರಿ, ಆಮೇಲೆ ಸನ್ನಿನ್, ಯೊನಿನ್.

ಇಪ್ಪತ್ತು, ಒಂಬತ್ತುಗಳ ಉಪಾಯ ಹಕಾರದಿಂದ ಶುರುವಾಗುವ ಪ್ರತ್ಯಯಗಳಿಗೆ ಮಾತ್ರ. ಕಕಾರದವುಗಳಲ್ಲಿ ಅದು ಕೈಕೊಡುತ್ತದೆ. ಮಹಡಿಗೂ ‘ಕೈ’, ಸಲಕ್ಕೂ ‘ಕೈ’. ಆದರೆ ಮೂರನೆಯ ಮಹಡಿ ಸಂಗೈ, ಮೂರು ಸಲ ಸಂಕೈ. ಈಗಿನ ಎಳೆಯರು ಮಹಡಿಗೂ ಸಂಕೈ ಎನ್ನುವುದುಂಟು, ನನ್ನ ತರಗತಿಯಲ್ಲಿ ಮಾತ್ರ ಸಂಗೈ. ಇದನ್ನು ಬಾಯಿಪಾಠವೇ ಮಾಡಿಸುತ್ತೇನೆ.