ಹದಿನಾರು ಸ್ಪೀಕರ್ ಆಫ್ ಮಾಡಿದ ಮೇಲೆ ಮಾತು ಕೇಳಿಸಿತು

ಕರಾವಳಿಯ ಒಂದು ಭಜನಾ ಮಂದಿರ. ಉದ್ದ 24 ಮೀಟರ್, ಅಗಲ 14, ಎತ್ತರ 6. ನೆಲಕ್ಕೆ ಗ್ರಾನೈಟ್, ಗೋಡೆಗೆ ಪುಟ್ಟಿ ಹಚ್ಚಿ ನಯ ಮಾಡಿದ ಸಿಮೆಂಟ್, ಮೇಲೆ ಜಿಪ್ಸಮ್ ಸೀಲಿಂಗ್. ಸೀಲಿಂಗ್‌ನಲ್ಲಿ 16 ಸ್ಪೀಕರ್, ಹಿಂದಿನ ಬಾಲ್ಕನಿಯ ಅಡಿಯಲ್ಲಿ ಇನ್ನೂ 4, ಎಲ್ಲವೂ 100 ವೋಲ್ಟ್ ಲೈನಿನಲ್ಲಿ, ಸ್ಪೀಕರ್ ಎಷ್ಟು ಪವರ್ ಎಳೆಯಬೇಕೆಂದು ಆರಿಸುವ ಟ್ಯಾಪ್ 6 ವಾಟ್‌ನಲ್ಲಿ. ಭಜನೆಗೆ ಇಂಪೋ ಇಂಪು. ಪ್ರವಚನ ಶುರುವಾದರೆ ಮಾತ್ರ ಬಾವಿಯೊಳಗಿಂದ ಯಾರೋ ಕೂಗಿದ ಹಾಗೆ.

ಇದನ್ನು ಸರಿ ಮಾಡಲು ನನಗಿಂತ ಹಿಂದೆ ಬಂದವರೆಲ್ಲ ಒಂದೇ ಮದ್ದು ಹೇಳಿದ್ದರು: ಇನ್ನೂ ಎಂಟು ಸ್ಪೀಕರ್ ಹಾಕಿ, ದೊಡ್ಡ ಆಂಪ್ಲಿಫೈಯರ್ ತನ್ನಿ. ಅಂದಾಜು ಮೂರು ಲಕ್ಷ. ನಾನು ಇರುವುದನ್ನೇ ಆಫ್ ಮಾಡೋಣ ಎಂದಾಗ ಸಮಿತಿಯವರು ಮುಖ ಮುಖ ನೋಡಿಕೊಂಡರು.

ಖಾಲಿ ಹಾಲಿನಲ್ಲಿ ಬಲೂನ್ ಒಡೆದು ಲ್ಯಾಪ್‌ಟಾಪಿನಲ್ಲಿ ಅಳೆದಾಗ ಅನುರಣನ, ಅಂದರೆ ಸದ್ದು ನಿಂತ ಮೇಲೂ ಅದರ ಗುಂಯ್ ಆರಲು ಹಿಡಿಯುವ ಹೊತ್ತು, ಮೂರೂವರೆ ಸೆಕೆಂಡ್ ಬಂತು. ಖಾಲಿ ಇದ್ದಾಗಲೇ ಅಳೆಯಬೇಕು. ಮುನ್ನೂರು ಜನ ಕೂತ ಹಬ್ಬದ ದಿನ ಅವರ ಮೈ-ಬಟ್ಟೆಯೇ ಅರ್ಧ ಸದ್ದನ್ನು ಕುಡಿದುಬಿಡುತ್ತದೆ, ಆಗ ಯಾರ ಕೆಲಸವೂ ಚೆನ್ನಾಗಿಯೇ ಕಾಣುತ್ತದೆ. ತೊಂದರೆ ಇರುವುದು ಬೆಳಗಿನ ಇಪ್ಪತ್ತು-ಇಪ್ಪತ್ತೈದು ಜನರ ಪ್ರವಚನಕ್ಕೆ.

ಇನ್ನೊಂದು ಪರೀಕ್ಷೆಗೆ ಉಪಕರಣ ಬೇಡ. ಒಬ್ಬರು ಮೈಕಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ 25 ಪದ ಓದುವುದು: ಕಾಲು, ಹಾಲು, ಸಾಲು, ಪಾಲು, ಮರ, ಬರ, ದರ, ಸರ ಹೀಗೆ. ಹಿಂದೆ ಕೂತವರು ಕೇಳಿಸಿದ್ದನ್ನು ಬರೆಯುವುದು. ವಾಕ್ಯ ಓದಿದರೆ ಜನ ಊಹಿಸಿ ತುಂಬಿಕೊಳ್ಳುತ್ತಾರೆ, ಬಿಡಿ ಪದದಲ್ಲಿ ಆ ಆಟ ನಡೆಯುವುದಿಲ್ಲ. ಮೊದಲ ದಿನ ಹಿಂದಿನ ಸಾಲಿನಲ್ಲಿ 25ಕ್ಕೆ ಹತ್ತೋ ಹನ್ನೊಂದೋ ಸರಿ. ಸ್ವರ ಎಲ್ಲರಿಗೂ ಕೇಳಿಸಿತ್ತು, ವ್ಯಂಜನ ಕಳೆದುಹೋಗಿತ್ತು. ವಾಲ್ಯೂಮ್ ಏರಿಸಿದಾಗ ಎಂಟಕ್ಕೆ ಇಳಿಯಿತು. ಸಮಿತಿಯವರು ಮೆತ್ತಗಾದದ್ದು ಆಗಲೇ.

ಕಾರಣ ಇಷ್ಟೇ. ಈ ಹಾಲಿನಲ್ಲಿ ಒಂದೇ ಸೀಲಿಂಗ್ ಸ್ಪೀಕರ್ ಇದ್ದರೆ ಸುಮಾರು 2 ಮೀಟರ್‌ವರೆಗೆ ಅದರ ನೇರ ಸದ್ದು ಎಕೋಗಿಂತ ಮುಂದಿರುತ್ತದೆ. ಹದಿನಾರು ಒಟ್ಟಿಗೆ ಹಾಡಿದರೆ ಆ ದೂರ ಕಾಲು ಭಾಗಕ್ಕೆ, ಅಂದರೆ ಅರ್ಧ ಮೀಟರ್‌ಗೆ ಇಳಿಯುತ್ತದೆ. ನೆಲದ ಮೇಲೆ ಕೂತವರ ಕಿವಿ ಸೀಲಿಂಗಿನಿಂದ 5 ಮೀಟರ್ ಕೆಳಗೆ. ನಿಮ್ಮ ತಲೆಯ ಮೇಲಿನ ಒಂದು ಸ್ಪೀಕರ್ ನಿಮಗೆ ಮಾತು ಕೊಡುತ್ತದೆ, ಉಳಿದ ಹದಿನೈದು ಎಕೋ ಮಾತ್ರ ಕೊಡುತ್ತವೆ. ಬಾಲ್ಕನಿಯ ಅಡಿಯ ಕಥೆ ಬೇರೆ. ಅಲ್ಲಿ ಸೀಲಿಂಗ್ 3 ಮೀಟರ್, ಕಿವಿಗೆ ಎರಡೇ ಚಿಲ್ಲರೆ ಮೀಟರ್. ಹಾಗಾಗಿ ಹದಿನಾರನ್ನೂ ಆಫ್ ಮಾಡಿ, ಆ ನಾಲ್ಕನ್ನು ಉಳಿಸಿಕೊಂಡೆ.

ವೇದಿಕೆಯ ಎರಡೂ ಬದಿಯ ಗೋಡೆಗೆ, ಮೈಕಿಗಿಂತ ಸ್ವಲ್ಪ ಮುಂದೆ, ಒಂದೊಂದು ಮೀಟರ್ ಉದ್ದದ ಕಾಲಮ್ ಸ್ಪೀಕರ್ ಹಾಕಿದೆ. ಕೆಳತುದಿ ನೆಲದಿಂದ ಒಂದೂಮುಕ್ಕಾಲು ಮೀಟರ್, ಮುಖ ಸ್ವಲ್ಪ ಕೆಳಕ್ಕೆ, ಗುರಿ ಕೂತವರ ಕೊನೆಯ ಮೂರನೇ ಒಂದು ಭಾಗ. ಕಾಲಮ್ ನಿಂತಿದ್ದರೆ ಸದ್ದು ಅಗಲಕ್ಕೆ ಹರಡಿ ಮೇಲೆ-ಕೆಳಗೆ ಕಡಿಮೆ ಹೋಗುತ್ತದೆ. ಚೆಂದಕ್ಕೆಂದು ಅಡ್ಡ ಮಲಗಿಸಿದ ಕಡೆಗಳನ್ನು ನೋಡಿದ್ದೇನೆ, ಅಲ್ಲಿ ಸದ್ದಿನ ಹರಡುವಿಕೆಯೂ ತಿರುಗಿ ಸೀಲಿಂಗಿಗೇ ಪ್ರವಚನ.

ಮೊದಲ ಪ್ರಯೋಗ ನೆಲಕಚ್ಚಿತು. ಬಾಲ್ಕನಿ ಸ್ಪೀಕರ್‌ಗಳಿಗೆ ಡಿಲೇ ಕೊಡದೆ, ಅಂದರೆ ಅವುಗಳ ಸದ್ದನ್ನು ಚೂರು ತಡ ಮಾಡದೆ ಓಡಿಸಿದ್ದೆ. ಕಾಲಮ್‌ನಿಂದ ಅಲ್ಲಿಗೆ 16 ಮೀಟರ್, ಮೀಟರಿಗೆ 2.9 ಮಿಲಿಸೆಕೆಂಡ್ ಲೆಕ್ಕದಲ್ಲಿ ಸದ್ದು ತಲುಪಲು 46. ಮೇಲಿನಿಂದ ಮೊದಲು ಒಂದು ಮಾತು, ಹಿಂದೆಯೇ ಮುಂದಿನಿಂದ ಅದೇ ಮಾತು. ಹಳೆಯ ಸ್ಥಿತಿಯೇ ವಾಸಿ ಎಂದರು. ಆಮೇಲೆ ಸದ್ದನ್ನು ಡಿಜಿಟಲ್ ಆಗಿ ತಿದ್ದುವ, 2 ಇನ್‌ಪುಟ್ 4 ಔಟ್‌ಪುಟ್‌ನ ಚಿಕ್ಕ ಡಿಎಸ್‌ಪಿ ತಂದು, ಬಾಲ್ಕನಿಗೆ ಬೇರೆ ಆಂಪ್ಲಿಫೈಯರ್ ಕೊಟ್ಟು, 46ರ ಮೇಲೆ ಇನ್ನು ಹನ್ನೆರಡು ಸೇರಿಸಿ 58ಕ್ಕೆ ನಿಲ್ಲಿಸಿದೆ. ಆ ಹನ್ನೆರಡರಿಂದ ಕಿವಿಗೆ ಸದ್ದು ಮುಂದಿನಿಂದಲೇ ಬಂದಂತೆ ಅನ್ನಿಸುತ್ತದೆ. ಬಾಲ್ಕನಿಯ ಟ್ಯಾಪ್ 6ರಿಂದ ಒಂದೂವರೆ ವಾಟ್‌ಗೆ ಇಳಿಸಿದೆ. ಅವು ಓಡುತ್ತಿವೆ ಎಂದು ಗೊತ್ತಾದರೆ ಜಾಸ್ತಿಯಾಗಿದೆ ಎಂದರ್ಥ. ಆಫ್ ಮಾಡಿದಾಗ ಮಾತ್ರ ಗೊತ್ತಾಗಬೇಕು.

180 ಹರ್ಟ್ಸ್ ಕೆಳಗಿನದನ್ನು ಪೂರ್ತಿ ಕತ್ತರಿಸಿದೆ. ಗಂಡಸರ ದನಿಯ ಗಾಂಭೀರ್ಯ ಹೋಯಿತು ಎಂಬ ದೂರು ಎರಡು ದಿನ ಇತ್ತು. ಈ ಹಾಲಿನಲ್ಲಿ ಅತಿ ಹೆಚ್ಚು ಹೊತ್ತು ಗುಂಯ್‌ಗುಡುತ್ತಿದ್ದದ್ದೇ ಆ ಭಾಗ, ಮುಂದಿನ ಅಕ್ಷರದ ಮೇಲೆ ಕೂರುತ್ತಿದ್ದದ್ದೂ ಅದೇ. ಮೇಲೆ ಎರಡರಿಂದ ನಾಲ್ಕು ಕಿಲೋಹರ್ಟ್ಸ್ ನಡುವೆ ಮಾಡಿದ ಕೈಚಳಕ ನನ್ನ ಹತ್ತಿರವೇ ಇರಲಿ.

ಇಷ್ಟಕ್ಕೆ ಹಿಂದಿನ ಸಾಲಿನಲ್ಲಿ 25 ಪದಕ್ಕೆ 16-17 ಸರಿ ಬಂತು. ಉಳಿದದ್ದು ಗೋಡೆಯ ಕೆಲಸ. ಅನುರಣನ RT, ಹಾಲಿನ ಗಾತ್ರ V, ಸದ್ದು ಹೀರುವ ವಿಸ್ತೀರ್ಣ A ಆದರೆ RT = 0.161 × V ÷ A. ಈ ಸೂತ್ರಕ್ಕೆ 2,000 ಘನ ಮೀಟರ್ ಮತ್ತು 3.5 ಹಾಕಿದರೆ ಇಡೀ ಹಾಲು ಹೀರುತ್ತಿದ್ದದ್ದು 92 ಚದರ ಮೀಟರ್‌ನಷ್ಟು. ಇನ್ನು 40 ಸೇರಿಸಿದರೆ 2.4 ಸೆಕೆಂಡ್. 4 ಅಡಿ × 2 ಅಡಿಯ 60 ಪ್ಯಾನೆಲ್ ಮಾಡಿಸಿದೆ: ಮರದ ಚೌಕಟ್ಟು, 50 ಮಿಲಿಮೀಟರ್ ದಪ್ಪದ 48 ಡೆನ್ಸಿಟಿ ರಾಕ್‌ವೂಲ್, ಮೇಲೆ ಬಟ್ಟೆ, ಹಿಂದೆ ಗೋಡೆಗೆ 50 ಮಿಲಿಮೀಟರ್ ಗಾಳಿಯ ಅಂತರ. ಆ ಅಂತರ ಪುಕ್ಕಟೆ ಸಿಗುವ ಲಾಭ, ಅದರಿಂದ ಪ್ಯಾನೆಲ್ ಇನ್ನೂ ಕಡಿಮೆ ಹರ್ಟ್ಸ್‌ನ ಸದ್ದನ್ನೂ ಹಿಡಿಯುತ್ತದೆ. ಬಟ್ಟೆಗೆ ಬಾಯಿ ಇಟ್ಟು ಊದಿದರೆ ಗಾಳಿ ಆಚೆ ಹೋಗಬೇಕು. ರೆಕ್ಸಿನ್ ಹೊದೆಸಿದರೆ ವ್ಯಂಜನವಿರುವ ಮೇಲಿನ ಭಾಗವೆಲ್ಲ ವಾಪಸ್. ಹೆಚ್ಚಿನವು ಹಿಂದಿನ ಗೋಡೆಗೆ, ಉಳಿದವು ಪಕ್ಕದ ಗೋಡೆಗಳ ಹಿಂದಿನ ಅರ್ಧಕ್ಕೆ. ಹಿಂದಿನ ಗೋಡೆಗೆ ಹೊಡೆದ ಸದ್ದು ವೇದಿಕೆಗೆ ಮರಳಲು ನೂರು ಮಿಲಿಸೆಕೆಂಡಿಗೂ ಹೆಚ್ಚು ಹಿಡಿಯುತ್ತಿತ್ತು, ಪ್ರವಚನಕಾರರು ತಮ್ಮದೇ ಮಾತಿಗೆ ಅಡ್ಡಿಪಟ್ಟು ನಿಧಾನಿಸುತ್ತಿದ್ದರು.

ನಡುವೆ ಅಗ್ಗದ ದಾರಿಗಳನ್ನೂ ನೋಡಿದೆ. ಮೊಟ್ಟೆ ಟ್ರೇ, ಥರ್ಮೋಕೋಲ್ ಎರಡೂ ದಂಡ, ಥರ್ಮೋಕೋಲಿಗೆ ಬೆಂಕಿಯ ಭಯ ಬೇರೆ. ಜಮಖಾನೆ ಹಾಸಿದಾಗ ಹೆಚ್ಚು ಹರ್ಟ್ಸ್‌ನ ಸದ್ದು ಸತ್ತು ಗುಂಯ್ ಹಾಗೆಯೇ ಉಳಿಯಿತು. ತೆಂಗಿನ ನಾರಿನ ದಪ್ಪ ಚಾಪೆ ಎರಡು ಪದರ ಮಾಡಿ ಗೋಡೆಯಿಂದ ದೂರ ನೇತು ಹಾಕಿದ್ದು ನಿಜಕ್ಕೂ ಕೆಲಸ ಮಾಡಿತು, ರಾಕ್‌ವೂಲಿನ ಅರ್ಧ ಬೆಲೆಗೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೂಸ್ಟು ಹಿಡಿದು ವಾಸನೆ. ಬಯಲುಸೀಮೆಯಲ್ಲಿ ಯಾರಾದರೂ ಮಾಡಿ ನೋಡಬಹುದು.

ಖರ್ಚು ನೆನಪಿನಿಂದ ಹೇಳುವುದಾದರೆ ಪ್ಯಾನೆಲ್ ಒಂದಕ್ಕೆ 1,400ರ ಹಾಗೆ ಒಟ್ಟು 84 ಸಾವಿರ, ಕಾಲಮ್ ಜೋಡಿ 18, ಡಿಎಸ್‌ಪಿ 14, ಬಾಲ್ಕನಿಯ ಆಂಪ್ಲಿಫೈಯರ್ 12, ತಂತಿ ಮತ್ತು ಕೂಲಿ ಹತ್ತು-ಹನ್ನೆರಡು. ಒಂದು ಲಕ್ಷದ ನಲವತ್ತರ ಒಳಗೆ.

ಮತ್ತೆ ಅಳೆದಾಗ ಎರಡೂವರೆ ಸೆಕೆಂಡಿಗೆ ಚೂರು ಕಡಿಮೆ, ಹಿಂದಿನ ಸಾಲಿನಲ್ಲಿ 25ಕ್ಕೆ 22. ಕಾಲಮ್‌ನಿಂದ 11-14 ಮೀಟರ್ ನಡುವಿನ ಪಟ್ಟಿ ಹಾಲು ಖಾಲಿಯಿದ್ದಾಗ ಈಗಲೂ ಸ್ವಲ್ಪ ಸೊರಗುತ್ತದೆ, 19ರ ಹತ್ತಿರ. ಬೆಳಗ್ಗೆ ಬರುವವರು ಒಂದೋ ಮುಂದೆ ಕೂರುತ್ತಾರೆ, ಇಲ್ಲವೇ ಹಿಂದಿನ ಗೋಡೆಗೆ ಒರಗುತ್ತಾರೆ, ಹಾಗಾಗಿ ಯಾರೂ ಕೇಳಿಲ್ಲ.

ಕೇಳಿದವರು ಭಜನೆಯವರು. ತಾಳದ ಮೆರುಗೇ ಹೋಯಿತು ಎಂದರು. ಹಳೆಯ ಹದಿನಾರನ್ನು ಕಿತ್ತಿರಲಿಲ್ಲ, ಒಳ್ಳೆಯದೇ ಆಯಿತು. ಡಿಎಸ್‌ಪಿಯ ಎರಡನೇ ಪ್ರಿಸೆಟ್‌ನಲ್ಲಿ ಅವುಗಳಲ್ಲಿ ಎಂಟನ್ನು ಸಣ್ಣಗೆ ತೆರೆದು, 180ರ ಕತ್ತರಿಯನ್ನು 90ಕ್ಕೆ ಇಳಿಸಿಟ್ಟಿದ್ದೇನೆ. ಗುಂಡಿಯ ಪಕ್ಕ ‘1 ಪ್ರವಚನ, 2 ಭಜನೆ’ ಎಂದು ಬರೆದು ಅಂಟಿಸಿದೆ, ವಾಲ್ಯೂಮ್ ನಾಬ್‌ಗೆ ಬೀಗದ ಮುಚ್ಚಳ ಹಾಕಿದೆ.